ಇಳಕಲ್ ಸೀರೆ ಪೇಜಿಗೆ ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು?

ಪ್ರಶ್ನೆ: ಮೇಡಂ, ನಮ್ಮದು ಇಳಕಲ್ ಸೀರೆ ವ್ಯಾಪಾರ, ಇನ್‌ಸ್ಟಾಗ್ರಾಂನಲ್ಲಿ ಪೇಜ್ ಇದೆ. ಕನ್ನಡದಲ್ಲಿ ಬರೆದರೆ ಬೆಂಗಳೂರಿನ ಗಿರಾಕಿಗಳು ಇಂಗ್ಲಿಷ್‌ನಲ್ಲಿ ಹಾಕಿ ಅಂತಾರೆ. ಇಂಗ್ಲಿಷ್‌ನಲ್ಲಿ ಹಾಕಿದರೆ ಗದಗ, ಕುಷ್ಟಗಿ ಕಡೆಯವರು ಓದೋದೇ ಇಲ್ಲ, ಎಲ್ಲ ಬರೆದಿದ್ದರೂ ಮತ್ತೆ ರೇಟ್ ಎಷ್ಟು ಅಂತ ಕೇಳ್ತಾರೆ. ಎರಡೂ ಕಲಸಿ ಬರೆದರೆ ನನಗೇ ಓದಕ್ಕಾಗಲ್ಲ. ಮೊನ್ನೆ ಹಾಕಿದ್ದು ಕೆಳಗಿದೆ. ಹೇಗೆ ಬರೆಯಬೇಕು ಹೇಳಿ.

```
New arrival!! Pure Ilkal silk sareeಗಳು with
tope teni pallu, limited stockನಲ್ಲಿ ಲಭ್ಯ.
Favourite colourಗೆ DM ಮಾಡಿ, link in bio
```

ಉತ್ತರ: ಮೊದಲು ನಿಮ್ಮ ಗಿರಾಕಿಗಳು ನಿಜವಾಗಿ ಎಲ್ಲಿ ಬೇರೆ ಆಗ್ತಾರೆ ಅನ್ನೋದನ್ನ ನೋಡೋಣ. ಕುಷ್ಟಗಿಯಲ್ಲಿ ಕೂತವರಿಗೆ ಕಾಟನ್, ಕಲರ್, ಸ್ಟಾಕ್, ಡೆಲಿವರಿ, ಕ್ಯಾಶ್ ಆನ್ ಡೆಲಿವರಿ ಎಲ್ಲ ಗೊತ್ತು. ದಿನಾ ಆಡುವ ಮಾತೇ ಅದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿಗೆ ಸೆರಗು, ಸೀರೆ, ಮದುವೆ, ಅಮ್ಮನಿಗೆ ಇಷ್ಟ ಆಗುತ್ತೆ ಅನ್ನೋ ಮಾತುಗಳು ಚೆನ್ನಾಗಿ ಗೊತ್ತು. ಇಬ್ಬರನ್ನೂ ಎದುರುಬದುರು ಕೂರಿಸಿ ಸೀರೆ ಬಗ್ಗೆ ಮಾತಾಡಲು ಬಿಟ್ಟರೆ ಒಂದು ಗಂಟೆ ಆರಾಮಾಗಿ ಮಾತಾಡ್ತಾರೆ. ತೊಡಕು ಇರೋದು ಓದುವಾಗ. ಒಬ್ಬರ ಕಣ್ಣು ಕನ್ನಡ ಅಕ್ಷರದ ಮೇಲೆ ಸರಾಗ ಓಡುತ್ತದೆ, ಇಂಗ್ಲಿಷ್ ಅಕ್ಷರ ಬಂದ ಕೂಡಲೇ ನಿಧಾನ ಆಗುತ್ತದೆ. ಇನ್ನೊಬ್ಬರದ್ದು ಉಲ್ಟಾ. ಹಾಗಾಗಿ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಯಾವ ಭಾಷೆ ಅಂತಲ್ಲ, ಯಾವ ಲಿಪಿ ಅಂತ.

ಇದು ಹೊಳೆದರೆ ಅರ್ಧ ಕೆಲಸ ಹಗುರ. ಇಂಗ್ಲಿಷ್ ಮಾತನ್ನು ಅಪ್ಪಟ ಕನ್ನಡ ಮಾಡುವ ಕಷ್ಟ ಬೇಡ. ‘ಲಭ್ಯ’ ಅನ್ನುವುದಕ್ಕಿಂತ ‘ಸ್ಟಾಕ್ ಇದೆ’ ಅಂತ ಬರೆದರೆ ಎರಡೂ ಕಡೆಯವರಿಗೆ ತಿಳಿಯುತ್ತದೆ. ‘ಲಭ್ಯ’ ಸೊಸೈಟಿ ಬೋರ್ಡಿನ ಮೇಲೆ ಇರೋ ಮಾತು, ಯಾರೂ ಬಾಯಲ್ಲಿ ಆಡೋದಿಲ್ಲ. ಆದರೆ ಆ ಸ್ಟಾಕ್ ಅನ್ನೋದನ್ನ ಕನ್ನಡ ಅಕ್ಷರದಲ್ಲೇ ಬರೆಯಿರಿ. ಕನ್ನಡ ಸಾಲಿನ ನಡುವೆ ಲಿಪಿ ಬದಲಾಗಬಾರದು. ಇಂಗ್ಲಿಷ್ ಲಿಪಿಗೆ ಬೇರೆ ಸಾಲು ಕೊಡಿ, ಅದು ಪೂರ್ತಿ ಇಂಗ್ಲಿಷ್ ಆಗಿರಲಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ ಅಂದ್ರೆ, ನಿಮ್ಮ ಕ್ಯಾಪ್ಶನ್‌ನಲ್ಲಿ sareeಗಳು, stockನಲ್ಲಿ, colourಗೆ ಅಂತ ಮೂರು ಕಡೆ ಇಂಗ್ಲಿಷ್ ಪದದ ಬಾಲಕ್ಕೆ ಕನ್ನಡ ಪ್ರತ್ಯಯ ಅಂಟಿಕೊಂಡಿದೆ. ಮಾತಾಡುವಾಗ ಇದು ಸಹಜ, ಎಲ್ಲರೂ ಹಾಗೇ ಮಾತಾಡ್ತೀವಿ. ಬರಹದಲ್ಲಿ ಮಾತ್ರ ಒಂದೇ ಪದದೊಳಗೆ ಎರಡು ಲಿಪಿ ಆಗಿ, ಎರಡೂ ಓದಲು ಬರುವವರಿಗೂ ಅಲ್ಲಿ ಕಣ್ಣು ಎಡವುತ್ತದೆ. ಒಂದೇ ಲಿಪಿ ಬರುವವರು ಅಲ್ಲೇ ಬಿಟ್ಟು ಮುಂದೆ ಹೋಗ್ತಾರೆ. ಹುಡುಕಾಟಕ್ಕೂ ಇದು ಒಳ್ಳೇದಲ್ಲ. ಹುಡುಕುವವರು ಟೈಪ್ ಮಾಡೋದು saree ಅಂತ, ನೀವು ಬರೆದಿರೋದು sareeಗಳು ಅಂತ ಬಾಲ ಅಂಟಿದ ಬೇರೊಂದು ಪದ. ಇಂಗ್ಲಿಷ್ ಅಕ್ಷರದಲ್ಲಿ ಇರಲೇಬೇಕಾದ ಪದ ಇದ್ದರೆ ಪ್ರತ್ಯಯ ಬೇಕಾಗದ ಹಾಗೆ ಸಾಲು ಕಟ್ಟಿ, ಪ್ರತ್ಯಯ ಬೇಕೇ ಬೇಕು ಅಂದ್ರೆ ಆ ಪದವನ್ನೇ ಕನ್ನಡಕ್ಕೆ ತನ್ನಿ. ಕಲರ್‌ಗೆ, ಆಫರ್‌ನಲ್ಲಿ, ಹೀಗೆ.

ಇಲ್ಲೊಂದು ಸಣ್ಣ ಕಿರಿಕಿರಿ ಇದೆ. ‘ಇಳಕಲ್‌ನಿಂದ’ ಅಂತ ಸುಮ್ನೆ ಟೈಪ್ ಮಾಡಿದರೆ ಫೋನು ‘ಇಳಕಲ್ನಿಂದ’ ಅಂತ ಒತ್ತಕ್ಷರ ಮಾಡಿಬಿಡುತ್ತದೆ. ಕ್ ಗ್ ಲ್ ಥರ ಅರ್ಧಕ್ಷರದಲ್ಲಿ ಮುಗಿಯುವ ಎಲ್ಲ ಇಂಗ್ಲಿಷ್ ಪದಕ್ಕೂ ಇದೇ ಪಾಡು, ‘ಆಫರ್ನಲ್ಲಿ’ ಅಂತಾಗಿ ಏನೋ ವಿಚಿತ್ರವಾಗಿ ಕಾಣುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿದರೆ ಒತ್ತು ಬಿಡಿಸಿಕೊಳ್ಳುತ್ತದೆ, ಅದರ ಹೆಸರು ZWNJ. ನಿಮ್ಮ ಕೀಬೋರ್ಡಿನಲ್ಲಿ ಆ ಕೀ ಸಿಗಲಿಲ್ಲ ಅಂದ್ರೆ ಸರಿಯಾಗಿ ಬರೆದಿರೋ ಒಂದು ಪದ ಎಲ್ಲಿಂದಲಾದರೂ ಕಾಪಿ ಮಾಡಿ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ನಿಮಗೆ ಬೇಕಾಗೋದು ಇಳಕಲ್‌ನ, ಇಳಕಲ್‌ನಿಂದ, ಆರ್ಡರ್‌ಗೆ, ಇಂಥ ನಾಲ್ಕೈದು ಪದ ಅಷ್ಟೇ.

ಇನ್ನು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ದಾರಿ. ಎಲ್ಲರೂ ಇದನ್ನೇ ಮಧ್ಯದ ದಾರಿ ಅಂದುಕೊಳ್ತಾರೆ, ಸೀರೆ ವ್ಯಾಪಾರಕ್ಕೆ ನನಗದು ಒಪ್ಪಿಗೆ ಇಲ್ಲ. bele ಅಂತ ಬರೆದರೆ ಬೆಲೆಯೂ ಆಗುತ್ತದೆ, ಬೆಳೆಯೂ ಆಗುತ್ತದೆ, ಬೇಳೆಯೂ ಆಗುತ್ತದೆ. hatti ಅಂದ್ರೆ ಹತ್ತಿಯೋ ಹಟ್ಟಿಯೋ ಓದುವವರೇ ಊಹೆ ಮಾಡಬೇಕು. ಒಂದೆರಡು ಪದ ಆದ್ರೆ ಊಹಿಸಿಕೊಳ್ತಾರೆ, ನಾಲ್ಕು ಸಾಲು ಆದ್ರೆ ಊರಿನವರಿಗೂ ಕಷ್ಟ, ಬೆಂಗಳೂರಿನವರಿಗೂ ಕಷ್ಟ, ಕನ್ನಡವೇ ಬಾರದವರಿಗೆ ಏನೂ ಸಿಗೋದಿಲ್ಲ. ಕಣ್ಣು ಕಾಣದವರು ಫೋನಿನಲ್ಲಿ ಓದಿಸಿಕೊಂಡು ಕೇಳ್ತಾರಲ್ಲ, ಅವರಿಗಂತೂ ಇಂಗ್ಲಿಷ್ ದನಿ ಅದನ್ನು ಇಂಗ್ಲಿಷ್ ಅಂತಲೇ ಓದಿ ಏನೇನೋ ಕೇಳಿಸುತ್ತದೆ. ಕಾಮೆಂಟ್‌ಗೆ ಉತ್ತರ ಕೊಡುವಾಗ ಮಾತ್ರ ಇದು ಸರಿ. ಯಾರಾದರೂ `rate eshtu akka` ಅಂತ ಕೇಳಿದರೆ ನೀವೂ ಅದೇ ಅಕ್ಷರದಲ್ಲಿ ಉತ್ತರಿಸಿ. ಅವರ ಕೈಗೆ ಯಾವ ಕೀಬೋರ್ಡ್ ಹತ್ತಿರವೋ ಅದೇ ಅವರ ಕಣ್ಣಿಗೂ ಹತ್ತಿರ.

ಈಗ ನನಗೆ ಮುಖ್ಯ ಅನ್ನಿಸೋ ಮಾತಿಗೆ ಬರ್ತೀನಿ. ಎರಡು ಭಾಷೆಯ ಕ್ಯಾಪ್ಶನ್ ಅಂದ ಕೂಡಲೇ ಎಲ್ಲರೂ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅದನ್ನೇ ಇಂಗ್ಲಿಷ್‌ನಲ್ಲಿ ಇನ್ನೊಮ್ಮೆ ಬರೀತಾರೆ. ಹಾಗೆ ಮಾಡಬೇಡಿ. ಕ್ಯಾಪ್ಶನ್ ಉದ್ದ ಆಗುತ್ತದೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಇಬ್ಬರಿಗೂ ಬೇಕಾಗಿರೋ ವಿಷಯವೇ ಬೇರೆ. ಗದಗದ ಗಿರಾಕಿಗೆ ಇಳಕಲ್ ಸೀರೆ ಅಂದ್ರೇನು ಅಂತ ಹೇಳೋದು ಮೀನಿಗೆ ಈಜು ಕಲಿಸಿದ ಹಾಗೆ. ಅವರ ಅಜ್ಜಿ ಉಟ್ಟಿದ್ದಾರೆ, ಅಮ್ಮ ಉಟ್ಟಿದ್ದಾರೆ. ಅವರು ಕೇಳೋದು ಬಾರ್ಡರ್, ಅಂದ್ರೆ ದಡಿ, ಯಾವುದು, ಚಿಕ್ಕಿ ಪರಾಸೋ ಗೋಮಿಯೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕಿನ ಚಮಕಾನೋ, ರೇಟ್ ಎಷ್ಟು, ಅಷ್ಟೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋವರಿಗೆ, ಅದರಲ್ಲೂ ಬೇರೆ ರಾಜ್ಯದಿಂದ ಬಂದವರಿಗೆ, ದಡಿಯ ಹೆಸರು ತಗೊಂಡು ಆಗಬೇಕಾದ್ದೇನೂ ಇಲ್ಲ. ಅವರಿಗೆ ಬೇಕಾಗೋದು ಇದರ ವಿಶೇಷ ಏನು, ಬ್ಲೌಸ್ ಪೀಸ್ ಬರುತ್ತಾ, ಹೇಗೆ ಒಗೆಯಬೇಕು.

ಅಂದ್ರೆ ನೀವು ಬರೆಯಬೇಕಾದ್ದು ಒಂದು ಕ್ಯಾಪ್ಶನ್ನಿನ ಎರಡು ಅನುವಾದ ಅಲ್ಲ. ಒಂದೇ ಫೋಟೋ ಕೆಳಗೆ ಎರಡು ಬೇರೆ ಉತ್ತರ. ಎರಡಕ್ಕೂ ಸೇರಿದ್ದು ಹೆಸರು, ಬೆಲೆ, ನೂಲು, ಮಗ್ಗ, ಬ್ಲೌಸ್ ಪೀಸ್ ಇಷ್ಟೇ. ಉಳಿದಿದ್ದು ಅವರವರಿಗೆ.

ನಿಮ್ಮ ಕ್ಯಾಪ್ಶನ್ ತಿದ್ದುವ ಮೊದಲು ಅದರಲ್ಲಿರುವ ಒಂದು ಪದದ ಬಗ್ಗೆ ಹೇಳಲೇಬೇಕು, ಇದು ಬರಹದ ಚೆಂದಕ್ಕಿಂತ ದುಡ್ಡಿನ ವಿಷಯ. ಪ್ಯೂರ್ ಇಳಕಲ್ ಸಿಲ್ಕ್ ಅಂತ ಬರೆದಿದ್ದೀರಿ. ನಿಮ್ಮ ಪೋಸ್ಟಿನ ಫೋಟೋ ನೋಡಿದರೆ ಒಡಲು ಕಾಟನ್ ಥರ ಕಾಣ್ತಿದೆ, ಸೆರಗು ಚಮಕಾ ಇರಬಹುದು. ನಿಮ್ಮ ಊರಿನ ಗಿರಾಕಿ ಸಿಲ್ಕ್ ಅನ್ನೋದನ್ನ ಸಲೀಸಾಗಿ ತಗೊಳ್ತಾರೆ, ಆರ್ಟ್ ಸಿಲ್ಕೋ ಅಸಲಿ ರೇಷ್ಮೆಯೋ ಅನ್ನೋದು ರೇಟ್ ಕೇಳಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಬೆಂಗಳೂರಿನವರು ಇಂಗ್ಲಿಷ್‌ನಲ್ಲಿ pure silk ಅಂತ ಓದಿದರೆ ಇಡೀ ಸೀರೆ ರೇಷ್ಮೆ ಅಂತಲೇ ತಿಳೀತಾರೆ. ಪಾರ್ಸೆಲ್ ಬಿಚ್ಚಿದ ಮೇಲೆ ಜಗಳ. ಹ್ಯಾಂಡ್‌ಲೂಮ್ ಅನ್ನೋದೂ ಹೀಗೆಯೇ. ನಮ್ಮ ಕಡೆ ಕೈಮಗ್ಗದ್ದಾದರೂ ಪವರ್‌ಲೂಮಿನದಾದರೂ ಎರಡಕ್ಕೂ ಇಳಕಲ್ ಸೀರೆ ಅಂತಲೇ ಅಂತೀವಿ. ದೂರದವರು ಇಳಕಲ್ ಅಂದ್ರೆ ಕೈಮಗ್ಗದ್ದೇ ಅಂದುಕೊಂಡಿರ್ತಾರೆ. ಹಾಗಾಗಿ ಇಂಗ್ಲಿಷ್ ಸಾಲು ಬರೆಯುವಾಗ ನೂಲು ಯಾವುದು, ಮಗ್ಗ ಯಾವುದು ಅನ್ನೋದನ್ನ ಇನ್ನೂ ಬಿಗಿಯಾಗಿ ಬರೆಯಬೇಕು. ಕನ್ನಡದಲ್ಲಿ ಚಮಕಾ ಅಂದ್ರೆ ಇಂಗ್ಲಿಷ್‌ನಲ್ಲಿ art silk ಅಂತಲೇ ಬರಬೇಕು, ಸುಮ್ನೆ silk ಅಂತ ಹಾಕಿದರೆ ಒಂದೇ ಪೋಸ್ಟಿನಲ್ಲಿ ಇಬ್ಬರಿಗೆ ಎರಡು ಮಾತು ಕೊಟ್ಟ ಹಾಗಾಗುತ್ತದೆ.

ಸೀರೆ ಕಾಟನ್ ಒಡಲಿನದು, ಕೈಮಗ್ಗದ್ದು, ಸೆರಗು ಮತ್ತು ದಡಿ ಚಮಕಾ, ಬ್ಲೌಸ್ ಪೀಸ್ ಇಲ್ಲ ಅಂತ ಇಟ್ಟುಕೊಂಡು ನಾನಾದರೆ ಹೀಗೆ ಬರೀತೀನಿ. ಬೆಲೆ ಸುಮ್ನೆ ಹಾಕಿದ್ದು, ನಿಮ್ಮದು ಹಾಕಿಕೊಳ್ಳಿ.

```
ಇಳಕಲ್ ಕಾಟನ್ ಸೀರೆ, ಕೆಂಪು ಸೆರಗು, 1250 ರೂ.
Ilkal cotton saree, art silk pallu, handloom

ಚಿಕ್ಕಿ ಪರಾಸ್ ದಡಿ, ತೋಪು ತೆನಿ ಸೆರಗು.
ಒಡಲು ಪೂರ್ತಿ ಕಾಟನ್, ದಡಿ, ಸೆರಗು ಚಮಕಾ.
ಕೈಮಗ್ಗದ್ದು. ಕುಬಸದ ಪೀಸ್ ಇಲ್ಲ, ಖಣ ಬೇಕಂದ್ರೆ
ಬೇರೆ ಕೊಡ್ತೀವಿ.
ಮೇಲೆ ನಮ್ಮ ಪೇಜ್ ಹೆಸರು ಒತ್ತಿ, ನಂಬರ್ ಅಲ್ಲೇ ಇದೆ.

5.5 m, no blouse piece. The pallu is looped
on to the body, not cut and stitched.
First wash separately, cold water.

#ilkalsaree #ಇಳಕಲ್_ಸೀರೆ
```

ಒಂದೊಂದಾಗಿ ನೋಡಿ. ಫೀಡ್‌ನಲ್ಲಿ ಸ್ಕ್ರಾಲ್ ಮಾಡುವವರಿಗೆ ಕ್ಯಾಪ್ಶನ್ನಿನ ಶುರು ಮಾತ್ರ ಕಾಣುತ್ತದೆ, ಉಳಿದದ್ದು ‘more’ ಒತ್ತಿದ ಮೇಲೆ. ರೀಲ್ಸ್ ಆದರೆ ಇನ್ನೂ ಕಡಿಮೆ. ಅಂಥ ಜಾಗದಲ್ಲಿ ನೀವು New arrival ಅಂತ ಹಾಕಿದ್ದೀರಿ. ಹೊಸದು ಅಂತ ಪೋಸ್ಟ್ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಅಲ್ಲಿ ಬರಬೇಕಾದ್ದು ಸೀರೆಯ ಹೆಸರು ಮತ್ತು ಬೆಲೆ. ಮೊದಲ ಸಾಲು ಕನ್ನಡ, ಅದರ ಬೆನ್ನಿಗೇ ಒಂದು ಸಣ್ಣ ಇಂಗ್ಲಿಷ್ ಸಾಲು. ಇಂಗ್ಲಿಷ್ ಪೂರ್ತಿ ಕೆಳಗೆ ಹೋದರೆ ಕನ್ನಡ ಓದದವರು ಇದು ನಮಗಲ್ಲ ಅಂತ ಮೊದಲ ನೋಟಕ್ಕೇ ದಾಟಿ ಹೋಗ್ತಾರೆ. ಎರಡನೇ ಸಾಲಿನಲ್ಲಿ ಅವರಿಗೊಂದು ಗುರುತು ಸಿಕ್ಕರೆ ಉಳಿದದ್ದಕ್ಕೆ ಕೆಳಗೆ ಇಳೀತಾರೆ. ರೀಲ್‌ನಲ್ಲಿ ಆ ಎರಡನೇ ಸಾಲೂ ಕಾಣದೇ ಹೋಗಬಹುದು, ಅದಕ್ಕೆ ವಿಡಿಯೋ ಮೇಲಿನ ಬರಹ ಇದೆ, ಆಮೇಲೆ ಹೇಳ್ತೀನಿ.

ಅಂಕಿ 1250 ಅಂತಲೇ ಇರಲಿ, ೧೨೫೦ ಬೇಡ. ಕನ್ನಡ ಅಂಕಿ ಚೆಂದ ಕಾಣುತ್ತದೆ ನಿಜ, ಆದರೆ ಆ ಸಾಲಿನಲ್ಲಿ ಇಬ್ಬರಿಗೂ ಸಲೀಸಾಗಿ ಓದಲು ಬರೋದು ಬೆಲೆ ಒಂದೇ, ಅದನ್ನೂ ಕಳಕೊಳ್ಳೋದು ಯಾಕೆ. ಎಲ್ಲ ಬರೆದಿದ್ದರೂ ರೇಟ್ ಕೇಳ್ತಾರೆ ಅಂತ ಬರೆದಿದ್ದೀರಲ್ಲ, ನಿಮ್ಮ ಕ್ಯಾಪ್ಶನ್‌ನಲ್ಲಿ ರೇಟೇ ಇಲ್ಲ! ಹಳೆ ಪೋಸ್ಟುಗಳಲ್ಲಿ ಇತ್ತೇನೋ, ಇದ್ದರೂ ಇಂಗ್ಲಿಷ್ ಸಾಲುಗಳ ಕೆಳಗೆ ಮುಚ್ಚಿಹೋಗಿರುತ್ತದೆ. ಬೆಲೆ ಇನ್‌ಬಾಕ್ಸ್‌ನಲ್ಲಿ ಹೇಳ್ತೀವಿ ಅನ್ನೋ ಪದ್ಧತಿ ಬೇರೆ ಇದೆ. ಹೆಚ್ಚು ಮೆಸೇಜ್ ಬರುತ್ತದೆ ಅಂತ ಕೆಲವರು ಹಾಗೆ ಮಾಡ್ತಾರೆ. ಸಣ್ಣ ಊರಿನ ಹೆಂಗಸರು ಗೊತ್ತಿಲ್ಲದ ಪೇಜಿಗೆ ತಾವಾಗಿ ಮೆಸೇಜ್ ಮಾಡೋಕೆ ಹಿಂದೆಮುಂದೆ ನೋಡ್ತಾರೆ, ಅಂಥವರನ್ನು ನೀವು ಬಾಗಿಲಲ್ಲೇ ನಿಲ್ಲಿಸಿದ ಹಾಗಾಗುತ್ತದೆ.

ಕನ್ನಡ ಭಾಗದಲ್ಲಿ ದಡಿ, ಕುಬಸ, ಖಣ ಅಂತ ನಿಮ್ಮ ಕಡೆಯ ಮಾತನ್ನೇ ಇಟ್ಟಿದ್ದೀನಿ. ಅಂಚು, ರವಿಕೆ ಅಂತ ಬರೆದರೆ ಮೈಸೂರಿನವರಿಗೆ ಹತ್ತಿರ ಆಗುತ್ತಿತ್ತು, ಆದರೆ ಈ ಭಾಗ ಬರೆದಿರೋದೇ ಗದಗ, ಕುಷ್ಟಗಿಯವರಿಗೆ. ಅಂಗಡಿಯಲ್ಲಿ ಎದುರು ಕೂತು ಸೀರೆ ಬಿಚ್ಚಿ ತೋರಿಸುವವರ ಮಾತು ಅವರಿಗೆ ಕೇಳಿಸಬೇಕು. ಮೈಸೂರಿನವರಿಗೆ ಫೋಟೋ ನೋಡಿದರೆ ದಡಿ ಅಂದ್ರೆ ಏನು ಅಂತ ತಿಳಿಯುತ್ತದೆ. ತುಂಬಾ ಜನ ಕೇಳಿದರೆ ‘ದಡಿ ಅಂದ್ರೆ ಬಾರ್ಡರ್’ ಅಂತ ಒಂದು ಪೋಸ್ಟಿನಲ್ಲಿ ಸೇರಿಸಿ, ಪ್ರತಿ ಸಲ ಬೇಡ.

ಇಂಗ್ಲಿಷ್ ಭಾಗದಲ್ಲಿ ಕೊಂಡಿಯ ವಿಷಯ ಬರೆದಿದ್ದೀನಿ. ಒಡಲಿನ ಹಾಸು ಎಳೆಗೆ ಸೆರಗಿನ ಹಾಸು ಎಳೆಯನ್ನು ಕೊಂಡಿ ಹಾಕಿ ಸೇರಿಸ್ತಾರಲ್ಲ, ನಿಮಗದು ದಿನಾ ನೋಡೋ ಕೆಲಸ, ಹೇಳೋ ಅಗತ್ಯವೇ ಅನ್ನಿಸಿರಲಿಕ್ಕಿಲ್ಲ. ಹೊರಗಿನವರಿಗೆ ಆ ಜೋಡಣೆಯ ಗೆರೆ ಕಂಡರೆ ಸೆರಗು ಹರಿದು ಹೊಲಿದಿದ್ದಾರೆ ಅಂತ ಅನುಮಾನ ಬರುತ್ತದೆ. ಒಂದು ಸಾಲಿನಲ್ಲಿ ಅದು ಮುಗಿಯಿತು. ನಿಮ್ಮ ಈ ಸೀರೆಯಲ್ಲಿ ಕೊಂಡಿ ಇಲ್ಲದೆ ಬೇರೆ ಥರ ನೇಯ್ದಿದ್ದರೆ ಆ ಸಾಲು ತೆಗೆದುಬಿಡಿ.

link in bio ಅನ್ನೋದನ್ನ ಬಿಟ್ಟಿದ್ದೀನಿ. ಬಯೋ ಅನ್ನೋ ಮಾತು ಆ ಆ್ಯಪ್ ಜಾಸ್ತಿ ಬಳಸುವವರಿಗೆ ಮಾತ್ರ ಗೊತ್ತು. ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯೋದಿಲ್ಲ, ಹಾಗಾಗಿ ಜನರನ್ನು ಪೇಜಿಗೇ ಕಳಿಸಬೇಕು, ಅದಕ್ಕೆ ಬೆರಳು ಎಲ್ಲಿ ಇಡಬೇಕು ಅಂತ ಕನ್ನಡದಲ್ಲೇ ಹೇಳೋದು. ಪೇಜಿನಲ್ಲಿ ಹೆಸರು ಹಾಕುವ ಜಾಗ ಇದೆಯಲ್ಲ, ಅಲ್ಲೂ ಅಂಗಡಿ ಹೆಸರಿನ ಜೊತೆ ಇಳಕಲ್ ಸೀರೆ ಅನ್ನೋದನ್ನ ಎರಡೂ ಲಿಪಿಯಲ್ಲಿ ಹಾಕಿ. ಹುಡುಕುವಾಗ ಆ್ಯಪ್ ಅದನ್ನೂ ನೋಡುತ್ತದೆ.

ಹ್ಯಾಶ್‌ಟ್ಯಾಗ್ ಬಗ್ಗೆ ಒಂದೇ ಮಾತು. ಕನ್ನಡದಲ್ಲಿ ಎರಡು ಪದ ಒತ್ತಿ ಸೇರಿಸಿದರೆ #ಇಳಕಲ್ಸೀರೆ ಅಂತ ಲ ಕೆಳಗೆ ಸ ಒತ್ತು ಬಂದು ಓದಲಾಗೋದಿಲ್ಲ. ನಡುವೆ ಕೆಳಗೆರೆ ಹಾಕಿ, #ಇಳಕಲ್_ಸೀರೆ. ಪೋಸ್ಟ್ ಮಾಡಿದ ಮೇಲೆ ಒಮ್ಮೆ ಒತ್ತಿ ನೋಡಿ, ಪೂರ್ತಿ ಪದ ತೆರೆಯುತ್ತಾ ಇಲ್ಲಾ ಅರ್ಧಕ್ಕೇ ತುಂಡಾಗಿದೆಯಾ ಅಂತ.

ರೀಲ್ ಮಾಡುವುದಾದರೆ ಇದೆಲ್ಲ ಸಾಲದು. ನಿಮ್ಮ ಊರ ಕಡೆ ರೀಲ್ ಓಡಾಡೋದು ಜಾಸ್ತಿ ವಾಟ್ಸಾಪ್‌ನಲ್ಲಿ. ಯಾರೋ ವಿಡಿಯೋ ಡೌನ್‌ಲೋಡ್ ಮಾಡಿ ಮನೆಯವರ ಗ್ರೂಪಿಗೆ ಹಾಕ್ತಾರೆ, ಅಲ್ಲಿಂದ ಮುಂದಕ್ಕೆ. ಕ್ಯಾಪ್ಶನ್ ಜೊತೆಗೆ ಹೋಗೋದಿಲ್ಲ. ಜೊತೆಗೆ ಹೋಗೋದು ವಿಡಿಯೋ ಮೇಲೆ ಬರೆದಿದ್ದು ಮಾತ್ರ. ಅದಕ್ಕೇ ವಿಡಿಯೋ ಮೇಲೆ ಸೀರೆ ಹೆಸರು, ಬೆಲೆ, ನಿಮ್ಮ ಅಂಗಡಿ ಹೆಸರು, ನಂಬರ್ ಕನ್ನಡದಲ್ಲಿ ದೊಡ್ಡದಾಗಿ ಇರಲಿ, ಇಂಗ್ಲಿಷ್ ಬರೀ ಮೂರು ಪದ, Ilkal cotton saree. ಬರಹ ತೀರಾ ಕೆಳಗೆ ಇಡಬೇಡಿ, ಅಲ್ಲಿ ಆ್ಯಪ್ ತನ್ನ ಹೆಸರು, ಕ್ಯಾಪ್ಶನ್ ತೋರಿಸುತ್ತದೆ, ಒಂದರ ಮೇಲೊಂದು ಬೀಳುತ್ತದೆ. ಬಲಗಡೆಯ ಬಟನ್‌ಗಳ ಸಾಲನ್ನೂ ಬಿಟ್ಟು ಬರೆಯಿರಿ. ಎಡಿಟಿಂಗ್ ಆ್ಯಪ್‌ನ ಅಲಂಕಾರದ ಫಾಂಟುಗಳಲ್ಲಿ ಹೆಚ್ಚಾಗಿ ಕನ್ನಡ ಇರೋದಿಲ್ಲ, ಕನ್ನಡ ಬಂದ ಕೂಡಲೇ ಅದು ಬೇರೆ ಸಾದಾ ಫಾಂಟಿಗೆ ಜಾರುತ್ತದೆ, ಕೆಲವು ಸಲ ಒತ್ತಕ್ಷರ ಪಕ್ಕಕ್ಕೆ ಹೋಗಿ ಕೂತಿರುತ್ತದೆ. ‘ಚಿಕ್ಕಿ’ ಅಂತ ಒಮ್ಮೆ ಬರೆದು ಕ ಒತ್ತು ಸರಿಯಾಗಿ ಕೆಳಗೆ ಬಂದಿದೆಯಾ ಅಂತ ನೋಡಿ, ಬಂದಿಲ್ಲ ಅಂದ್ರೆ ಆ ಫಾಂಟ್ ಬೇಡ.

ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಲೈಕ್ ನೋಡಬೇಡಿ. ಒಂದು ತಿಂಗಳು ಹೀಗೆ ಬರೆದು ಇನ್‌ಬಾಕ್ಸ್‌ನಲ್ಲಿ ಯಾವ ಪ್ರಶ್ನೆ ಬರ್ತಿದೆ ನೋಡಿ. ರೇಟ್ ಎಷ್ಟು ಅನ್ನೋದು ಕಡಿಮೆಯಾಗಿ, ಇದೇ ಹಸಿರಿನಲ್ಲಿ ಇದೆಯಾ, ಕುಷ್ಟಗಿಗೆ ಎಷ್ಟು ದಿನಕ್ಕೆ ಬರುತ್ತದೆ ಅನ್ನೋವು ಜಾಸ್ತಿ ಆದರೆ ಓದ್ತಿದ್ದಾರೆ ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಬರೆಯುವವರು ಇನ್ನೂ is it pure silk ಅಂತಲೇ ಕೇಳ್ತಿದ್ದರೆ ಎರಡನೇ ಸಾಲು ಅವರ ಕಣ್ಣಿಗೆ ಬೀಳ್ತಿಲ್ಲ, ಕನ್ನಡದ ಮೊದಲ ಸಾಲನ್ನು ಇನ್ನೂ ಗಿಡ್ಡ ಮಾಡಿ. ಪೇಜ್ ಬಿಸಿನೆಸ್ ಅಕೌಂಟ್ ಆಗಿದ್ದರೆ ಇನ್‌ಸೈಟ್ಸ್‌ನಲ್ಲಿ ಯಾವ ಊರಿನವರು ಜಾಸ್ತಿ ಅಂತ ತೋರಿಸುತ್ತದೆ, ಆದರೆ ಅದನ್ನು ಜಾಸ್ತಿ ನೆಚ್ಚಬೇಡಿ. ಬೆಂಗಳೂರು ಅಂತ ತೋರಿಸುವವರಲ್ಲಿ ಇಳಕಲ್‌ನಿಂದಲೇ ಹೋಗಿ ಅಲ್ಲಿ ದುಡೀತಿರೋರು ಎಷ್ಟು ಜನ ಇದ್ದಾರೋ, ಅವರಿಗೆ ಕನ್ನಡವೇ ಓದೋಕೆ ಸಲೀಸು.

ಕೊನೆಗೆ, ಕ್ಯಾಪ್ಶನ್ ಎಷ್ಟೇ ಚೆನ್ನಾಗಿದ್ದರೂ ರೇಟ್ ಕೇಳೋರು ಕೇಳ್ತಾನೇ ಇರ್ತಾರೆ, ಅದಕ್ಕೆ ಬೇಜಾರಾಗಬೇಡಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಬೆಲೆ, ಡೆಲಿವರಿ, ಒಗೆಯೋದು ಈ ಮೂರಕ್ಕೆ ಕನ್ನಡದಲ್ಲೊಂದು, ಇಂಗ್ಲಿಷ್‌ನಲ್ಲೊಂದು ಉತ್ತರ ಬರೆದು ಇಟ್ಟುಕೊಳ್ಳಿ, `/ratek` ಮತ್ತು `/ratee` ಅಂತ ಹೆಸರು ಕೊಟ್ಟರೆ ಅಂಗಡಿಯಲ್ಲಿ ಗಿರಾಕಿ ಕೂತಿದ್ದಾಗಲೂ ಒಂದೇ ಕೈಯಲ್ಲಿ ಕಳಿಸಬಹುದು. ಅವರು ಯಾವ ಲಿಪಿಯಲ್ಲಿ ಕೇಳಿದ್ದಾರೋ ಆ ಉತ್ತರ ಹೋಗಲಿ. ಬೆಲೆ ಬದಲಾದ ದಿನ ಎರಡನ್ನೂ ತಿದ್ದೋದು ಮರೀಬೇಡಿ.